ಹೊಸ ಕೋಳಿಮನೆಯ ವಾರದ ಪಟ್ಟಿ



ಈ ದಿನ ನಾನು ಮಾತನಾಡಲಿರುವುದು, ಹೊಸದಾಗಿ ಮೊಟ್ಟೆ ಕೋಳಿಯ ಮನೆ ಕಟ್ಟಿ ಮೊದಲ ಸಲ ಮರಿ ತರುವವರ ಸಂಗಡ. ಕೋಳಿಮನೆಗೆ ವಾರವಾರವೂ ಮಾಡಬೇಕಾದ ಶುಚಿಯ ಕೆಲಸಗಳು ಕೆಲವಿವೆ. ಗೊತ್ತಾದ ವಯಸ್ಸಿಗೆ ಹಾಕಿಸಬೇಕಾದ ಲಸಿಕೆಗಳು ಕೆಲವಿವೆ. ಇವೆರಡನ್ನೂ ಬಹಳ ಮಂದಿ ಬೇರೆಬೇರೆಯಾಗಿ ಬಲ್ಲರು. ಆದರೆ ಒಂದು ಇನ್ನೊಂದನ್ನು ಕೆಡಿಸಬಲ್ಲುದು ಎಂಬುದು ಅನೇಕರಿಗೆ ತಿಳಿಯದು. ಮೊದಮೊದಲು ನನಗೂ ಅದರ ತೂಕ ತಿಳಿದಿರಲಿಲ್ಲ. ತಿಳಿದದ್ದು ಹೇಗೆ ಎಂಬುದನ್ನೇ ಮೊದಲು ಹೇಳಿಬಿಡುತ್ತೇನೆ.

ನಾನು ಓಡಾಡುವ ಹೋಬಳಿಯಲ್ಲಿ, ಕಾಲುವೆ ಬಯಲಿನ ಒಂದು ಹಳ್ಳಿಯಲ್ಲಿ, ವಯಸ್ಸಾದ ದಂಪತಿಗಳಿದ್ದಾರೆ. ಸಾಲ ತೆಗೆದು 20 ಅಡಿ ಅಗಲ, 50 ಅಡಿ ಉದ್ದದ ಕೋಳಿಮನೆ ಕಟ್ಟಿಸಿದರು. ಒಂದು ಹೇಂಟೆಗೆ 2 ಚದರ ಅಡಿಯ ಲೆಕ್ಕದಲ್ಲಿ ಅದು 500 ಕೋಳಿಗೆ ಸರಿಯಾದ ಮನೆ. ಲಸಿಕೆಯ ತಾರೀಖುಗಳನ್ನು ನಾನು ಒಂದು ಕಾಗದದಲ್ಲಿ ಬರೆದು ಯಜಮಾನರ ಕೈಗೆ ಕೊಟ್ಟೆ. ಶುಚಿಯ ಕೆಲಸವನ್ನು ಮನೆಯಾಕೆಗೆ ಬಾಯಲ್ಲಿ ಹೇಳಿದೆ. ಮರಿ ಬಂದವು, ಚೆನ್ನಾಗಿಯೇ ಬೆಳೆದವು. 5ನೆಯ ವಾರ ತುಂಬಿದ ದಿನ ಕೊಕ್ಕರೆ ರೋಗದ ಎರಡನೆಯ ಲಸಿಕೆಯನ್ನು ಕುಡಿಯುವ ನೀರಿನಲ್ಲಿ ಕೊಟ್ಟರು. ತಾರೀಖು ತಪ್ಪಲಿಲ್ಲ, ಲಸಿಕೆ ಮಂಜುಗಡ್ಡೆಯಲ್ಲೇ ಬಂದಿತ್ತು. ಎಲ್ಲವೂ ಸರಿಯಾಗಿದೆ ಅಂತ ನಾನೂ ನಿಶ್ಚಿಂತೆಯಾಗಿದ್ದೆ.

9ನೆಯ ವಾರದಲ್ಲಿ ಆ ಊರಿನ ನಾಟಿಕೋಳಿಗಳು ಸಾಯತೊಡಗಿದವು. ನಾಲ್ಕೈದು ದಿನ ಕಳೆಯುವುದರೊಳಗೆ ಈ ಮನೆಯ ಕೋಳಿಗಳೂ ಬಾಯಿ ತೆರೆದು ಉಸಿರೆಳೆಯತೊಡಗಿದವು. ಹಸಿರು ಬಣ್ಣದ ನೀರು ಹಿಕ್ಕೆ, ಜೋಲುಬಿದ್ದ ರೆಕ್ಕೆ, ಕೆಲವಕ್ಕೆ ಕತ್ತು ತಿರುಚಿಕೊಂಡು ತಲೆ ಬೆನ್ನಿನ ಮೇಲೆ. ಹತ್ತು ದಿನದಲ್ಲಿ 500ರಲ್ಲಿ 190 ಹೋದವು. ಪಶುವೈದ್ಯರು ಬಂದು ನೋಡಿ ಕೊಕ್ಕರೆ ರೋಗವೆಂದೇ ಹೇಳಿದರು. ಲಸಿಕೆ ಹಾಕಿದ ಕೋಳಿಗೆ ರೋಗ ಹೇಗೆ ಬಂತು?

ಆ ದಿನ ಬೆಳಿಗ್ಗೆಯಿಂದ ಏನೇನು ಮಾಡಿದಿರಿ ಅಂತ ಒಂದೊಂದಾಗಿ ಕೇಳುತ್ತ ಬಂದೆ. ಆಗ ಆ ತಾಯಿ ಅಂದರು: “ಲಸಿಕೆ ದಿನ ಅಂತ ಇವರು ಹೇಳಿದ್ರಪ್ಪಾ. ದೇವರ ಕೆಲಸಕ್ಕೆ ಮುಂಚೆ ಪಾತ್ರೆ ಬೆಳಗೋದಿಲ್ವಾ? ಹಾಗೇ ನಸುಕಿನಲ್ಲೇ ಎದ್ದು ತೊಟ್ಟಿನೂ ತಟ್ಟೆಗಳನ್ನೂ ಬ್ಲೀಚಿಂಗ್ ಪುಡಿ ಹಾಕಿ ತಿಕ್ಕಿ ತೊಳೆದೆ.”

ಕೇಳಿ ನನಗೆ ಮಾತು ಹೊರಡಲಿಲ್ಲ. ಆಕೆ ಮಾಡಿದ್ದು ಶ್ರದ್ಧೆಯ ಕೆಲಸ. ತಪ್ಪು ನನ್ನದು. ಲಸಿಕೆಯ ಕಾಗದವನ್ನು ಒಬ್ಬರಿಗೆ, ಶುಚಿಯ ಮಾತನ್ನು ಇನ್ನೊಬ್ಬರಿಗೆ ಕೊಟ್ಟು, ಎರಡನ್ನೂ ಕೂಡಿಸಿ ಹೇಳದೆ ಬಂದವನು ನಾನು.

ಇದರ ಮರ್ಮ ಇಷ್ಟೇ. ಕೊಕ್ಕರೆ ರೋಗಕ್ಕೆ ಮರಿಗಳಿಗೆ ಕೊಡುವ ಲಸಿಕೆಯಲ್ಲಿ ಇರುವುದು ಜೀವವಿರುವ ವಿಷಾಣು. ಅದು ಸೌಮ್ಯವಾದದ್ದು. ಮರಿಯ ಮೈಯೊಳಗೆ ಹೋಗಿ ಅಲ್ಲಿ ಬೆಳೆದು, ಮುಂದೆ ಬರಬಹುದಾದ ಉಗ್ರ ರೋಗವನ್ನು ಎದುರಿಸುವ ಶಕ್ತಿಯನ್ನು ಮರಿಗೆ ಕಲಿಸುತ್ತದೆ. ಅದು ಸತ್ತರೆ ಕಲಿಸುವವರೇ ಇಲ್ಲ. ಬ್ಲೀಚಿಂಗ್ ಪುಡಿಗೆ ಇದು ರೋಗದ ವಿಷಾಣು, ಇದು ಲಸಿಕೆಯ ವಿಷಾಣು ಎಂಬ ಭೇದವಿಲ್ಲ. ಎರಡನ್ನೂ ಒಂದೇ ಸಮನಾಗಿ ಕೊಲ್ಲುತ್ತದೆ. ತೊಳೆದ ತಟ್ಟೆಯ ಅಂಚಿನಲ್ಲಿ, ಕೊಳಾಯಿಯ ತಿರುವಿನಲ್ಲಿ ಉಳಿದ ಸ್ವಲ್ಪ ಔಷಧಿಯೂ ಸಾಕು. ಲಸಿಕೆ ಬೆರೆಸಿದ ನೀರು ಬರಿಯ ನೀರಾಗುತ್ತದೆ. ಮರಿಗಳು ಕುಡಿದವು, ನಾವು ಪಟ್ಟಿಯಲ್ಲಿ ಗುರುತು ಹಾಕಿದೆವು, ಆದರೆ ಮರಿಗಳಿಗೆ ಏನೂ ಸೇರಲಿಲ್ಲ. 7ನೆಯ ದಿನ ಕಣ್ಣಿಗೆ ಹಾಕಿದ ಮೊದಲ ಲಸಿಕೆಯ ಬಲ ಅಷ್ಟರಲ್ಲಿ ಇಳಿದಿತ್ತು. ಊರಿಗೆ ರೋಗ ಬಂದಾಗ ಕೋಟೆಯ ಬಾಗಿಲು ತೆರೆದೇ ಇತ್ತು.

ಆದುದರಿಂದ ಬಾಂಧವರೇ, ಶುಚಿಗೊಂದು ಪಟ್ಟಿ, ಲಸಿಕೆಗೊಂದು ಪಟ್ಟಿ ಬೇಡ. ಎರಡೂ ಸೇರಿದ ಒಂದೇ ಪಟ್ಟಿ, ಬಾಗಿಲ ಪಕ್ಕದ ಗೋಡೆಯ ಮೇಲೆ, ಮನೆಯವರೆಲ್ಲರ ಕಣ್ಣಿಗೆ ಬೀಳುವಂತೆ ಇರಲಿ. ಆ ಪಟ್ಟಿಯನ್ನು ಹೇಗೆ ಹಾಕಿಕೊಳ್ಳಬೇಕು ಎಂಬುದನ್ನು ಅದೇ ಮನೆಯ ಎರಡನೆಯ ತಂಡದ ಉದಾಹರಣೆಯಿಂದಲೇ ಹೇಳುತ್ತೇನೆ. ಸೀಸದಕಡ್ಡಿ, ಕಾಗದ ಹತ್ತಿರವಿದ್ದವರು ಬರೆದುಕೊಳ್ಳಬಹುದು. ನಿಧಾನವಾಗಿಯೇ ಹೇಳುತ್ತೇನೆ.

ಮೊದಲನೆಯದಾಗಿ ವಾರದ ದಿನ ಗೊತ್ತುಮಾಡಿಕೊಳ್ಳಬೇಕು. ಆ ಊರಿನ ಸಂತೆ ಭಾನುವಾರ. ನಾವು ಲಸಿಕೆಗೆಂದು ಗುರುವಾರವನ್ನು ಆರಿಸಿಕೊಂಡೆವು. ಮರಿ ಮಾಡುವ ಕಡೆ ಮೊದಲೇ ಹೇಳಿ, ಗುರುವಾರ ಮೊಟ್ಟೆಯಿಂದ ಹೊರಬಂದ ಮರಿಗಳನ್ನೇ ತರಿಸಿದೆವು. ಇದರಿಂದ ಒಂದು ಅನುಕೂಲವುಂಟು. ಮರಿ ಹುಟ್ಟಿದ್ದು ಗುರುವಾರವಾದರೆ, ಅದಕ್ಕೆ 7 ದಿನ ತುಂಬುವುದೂ ಗುರುವಾರ, 14 ತುಂಬುವುದೂ ಗುರುವಾರ, 35 ತುಂಬುವುದೂ ಗುರುವಾರ. ದಿನ ಎಣಿಸುವ ತೊಂದರೆಯೇ ಇಲ್ಲ. ಎಷ್ಟನೆಯ ಗುರುವಾರ ಅಂತ ಎಣಿಸಿದರಾಯಿತು. ನಿಮ್ಮ ಮರಿ ಬೇರೆ ದಿನ ಹುಟ್ಟಿದ್ದರೆ, ಆ ದಿನವೇ ನಿಮ್ಮ ಲಸಿಕೆಯ ದಿನ. ಉಳಿದ ಕೆಲಸಗಳನ್ನು ಅದಕ್ಕೆ ತಕ್ಕಂತೆ ಹಿಂದೆಮುಂದೆ ಸರಿಸಿಕೊಳ್ಳಿ.

ಇನ್ನು ವಾರದ ಶುಚಿಯ ಕೆಲಸ. ದಿನವೂ ಇದ್ದೇ ಇರುವ ಕೆಲಸ ಒಂದಿದೆ: ನೀರಿನ ತಟ್ಟೆಗಳನ್ನು ಬೆಳಿಗ್ಗೆ ಬ್ರಷ್ಷಿನಿಂದ ತಿಕ್ಕಿ ಬರಿಯ ನೀರಿನಲ್ಲಿ ತೊಳೆಯುವುದು, ಸತ್ತ ಕೋಳಿ ಇದ್ದರೆ ಕೂಡಲೇ ತೆಗೆಯುವುದು. ಇದು ಹೇಳಬೇಕಾದದ್ದಲ್ಲ. ವಾರದ ಕೆಲಸಗಳಲ್ಲಿ ಮೊದಲನೆಯದು ಸೋಮವಾರದ್ದು. ಸೋಮವಾರ ನೀರಿನ ದಿನ. ತೊಟ್ಟಿಯನ್ನು ಪೂರ್ತಿ ಬರಿದು ಮಾಡಿ, 10 ಲೀಟರು ನೀರಿಗೆ 10 ಗ್ರಾಂ ಬ್ಲೀಚಿಂಗ್ ಪುಡಿ ಕಲಸಿ, ಒಳಗೋಡೆಯನ್ನು ತಿಕ್ಕಿ, ಅರ್ಧ ಗಂಟೆ ಬಿಟ್ಟು, ಆಮೇಲೆ ಎರಡು ಸಲ ಒಳ್ಳೆಯ ನೀರಿನಿಂದ ತೊಳೆಯಬೇಕು. ಒಳಗೋಡೆಯನ್ನು ಬೆರಳಿನಿಂದ ಮುಟ್ಟಿ ನೋಡಿ. ಜಾರುವ ಲೋಳೆ ಇದ್ದರೆ ಶುಚಿಯಾಗಿಲ್ಲವೆಂದು ಅರ್ಥ. ಆ ಲೋಳೆಯಲ್ಲಿಯೇ ರೋಗಾಣುಗಳು ಮನೆಮಾಡಿಕೊಂಡಿರುತ್ತವೆ. ಸಂತೆಯಿಂದ ಹಿಂದಕ್ಕೆ ಬಂದ ಪ್ಲಾಸ್ಟಿಕ್ ಮೊಟ್ಟೆ ತಟ್ಟೆಗಳನ್ನೂ ಸೋಮವಾರವೇ, ಕೋಳಿಮನೆಯ ಹೊರಗೇ, ಇದೇ ನೀರಿನಲ್ಲಿ ತೊಳೆದು ಬಿಸಿಲಿಗೆ ಒಣಗಿಸಿ. ರಟ್ಟಿನ ತಟ್ಟೆಗಳನ್ನು ತೊಳೆಯಲಾಗದು. ಅವನ್ನು ಸಂತೆಯಿಂದ ಹಿಂದಕ್ಕೆ ತರಲೇಬಾರದು. ಹತ್ತು ಊರಿನ ಕೋಳಿಯ ಹಿಕ್ಕೆ ಅವುಗಳಲ್ಲಿ ಅಂಟಿಕೊಂಡು ನಿಮ್ಮ ಮನೆಗೆ ಬರುತ್ತದೆ.

ಮಂಗಳವಾರ ಹಾಸಿನ ದಿನ. ಭತ್ತದ ಹೊಟ್ಟಿನ ಹಾಸನ್ನು ಕುಂಟೆಯಿಂದ ಮೇಲೆಕೆಳಗೆ ಮಾಡಿ, ನೀರಿನ ತಟ್ಟೆಯ ಸುತ್ತ ಗಟ್ಟಿಕಟ್ಟಿದ ಹೆಂಟೆಗಳನ್ನು ತೆಗೆದು ಹೊರಗೆ ಹಾಕಿ, ಆ ಜಾಗಕ್ಕೆ ಒಣಗಿದ ಹೊಸ ಹೊಟ್ಟು ತುಂಬಬೇಕು. ಹಾಸು ಹದವಾಗಿದೆಯೇ ಎಂದು ತಿಳಿಯಲು ಒಂದು ಹಿಡಿ ತೆಗೆದು ಮುಷ್ಟಿಯಲ್ಲಿ ಹಿಂಡಿ ಬಿಡಿ. ಉಂಡೆಯಾಗಿಯೇ ನಿಂತರೆ ತೇವ ಹೆಚ್ಚು. ಹಿಟ್ಟಿನ ಹಾಗೆ ಉದುರಿ ಧೂಳೆದ್ದರೆ ಒಣಗಿದ್ದು ಹೆಚ್ಚು. ಒಂದು ಕ್ಷಣ ಕೂಡಿಕೊಂಡಿದ್ದು ಆಮೇಲೆ ಬಿರಿದರೆ ಅದು ಹದ. ಇನ್ನೊಂದು ಪರೀಕ್ಷೆಯೂ ಇದೆ. ಬಾಗಿಲಲ್ಲಿ ನಿಂತು ಮೂಸಿದರೆ ಸಾಲದು, ಒಳಗೆ ಹೋಗಿ ಮರಿಯ ಎತ್ತರಕ್ಕೆ ಕುಕ್ಕರಗಾಲಲ್ಲಿ ಕೂತುಕೊಳ್ಳಿ. ನಿಮ್ಮ ಕಣ್ಣು ಉರಿದರೆ, ರಾತ್ರಿಯೆಲ್ಲ ಅಲ್ಲೇ ಇರುವ ಮರಿಯ ಕಣ್ಣು, ಗಂಟಲಿನ ಗತಿ ಏನು? ಅಂಥ ಒದ್ದೆ ಜಾಗಕ್ಕೆ ನೂರು ಚದರ ಅಡಿಗೆ ಸುಮಾರು ಒಂದು ಕಿಲೋ ಆರಿದ ಸುಣ್ಣದ ಪುಡಿ ಬೆರೆಸಿ ಕುಂಟೆಯಾಡಿಸಬೇಕು.

ಬುಧವಾರ ಹೊರಗಿನ ದಿನ. ಮನೆಯ ಸುತ್ತ 10 ಅಡಿ ಹುಲ್ಲು ಕಳೆ ಸವರುವುದು, ಇಲಿಯ ಬಿಲ ಮುಚ್ಚುವುದು, ಜಾಲರಿಯ ಬಲೆ ಧೂಳು ತೆಗೆಯುವುದು, ಬಾಗಿಲ ಮುಂದಿನ ಕಾಲು ತೊಳೆಯುವ ತೊಟ್ಟಿಯ ಫಿನಾಯಿಲ್ ನೀರು ಬದಲಿಸುವುದು. ಈ ಕಾಲುತೊಟ್ಟಿಯ ವಿಷಯದಲ್ಲಿ ಒಂದು ಮಾತು. ಮಣ್ಣು ಹಿಕ್ಕೆ ಸೇರಿ ಕಪ್ಪಾದ ನೀರಿನಲ್ಲಿ ಔಷಧಿಗೆ ಶಕ್ತಿಯೇ ಉಳಿಯುವುದಿಲ್ಲ. ಹೆಸರಿಗೆ ಇರುತ್ತದೆ ಅಷ್ಟೆ. ವಾರಕ್ಕೊಮ್ಮೆ ಎಂಬುದು ಕಡಿಮೆಯ ಲೆಕ್ಕ. ಕೊಳೆಯಾದ ದಿನವೇ ಬದಲಿಸಿ. ಚಪ್ಪಲಿಯ ಮಣ್ಣನ್ನು ಮೊದಲು ಹೊರಗೆ ಉಜ್ಜಿ, ಆಮೇಲೆ ತೊಟ್ಟಿಗೆ ಕಾಲಿಡಿ.

ಗುರುವಾರ ಲಸಿಕೆ. ಲಸಿಕೆ ಇಲ್ಲದ ಗುರುವಾರ ಕೋಳಿಗಳನ್ನು ನೋಡುವ ದಿನ. ಶುಕ್ರವಾರ ಯಾವ ಶುಚಿಯ ಕೆಲಸವೂ ಬೇಡ. ಶನಿವಾರ ಮೇವಿನ ಬಾನಿಗಳ ಮೂಲೆಯಲ್ಲಿ ಅಂಟಿ ಬೂಷ್ಟು ಹಿಡಿದ ಮೇವನ್ನು ಕೆರೆದು ತೆಗೆಯುವುದು, ಮೊಟ್ಟೆ ಬರತೊಡಗಿದ ಮೇಲೆ ಮೊಟ್ಟೆ ಗೂಡಿನ ಹಾಸು ಬದಲಿಸುವುದು. ಭಾನುವಾರ ಸಂತೆ. ಸಂತೆಗೆ ಹೋದವರು ಸ್ನಾನಮಾಡಿ ಬಟ್ಟೆ ಬದಲಿಸದೆ ಕೋಳಿಮನೆಯೊಳಗೆ ಕಾಲಿಡಬಾರದು.

ಗುರುವಾರದ ಆಚೀಚೆ ಖಾಲಿ ಬಿಟ್ಟದ್ದು ಯಾಕೆ ಅಂತ ನೀವು ಕೇಳಬಹುದು. ಎರಡು ಕಾರಣಗಳಿವೆ. ಮೊದಲನೆಯದು ಈಗಾಗಲೇ ಹೇಳಿದ ಬ್ಲೀಚಿಂಗ್ ಪುಡಿಯ ಕಾರಣ. ಸಾಮಾನ್ಯ ದಿನಗಳಲ್ಲಿ 500 ಲೀಟರಿನ ತೊಟ್ಟಿಗೆ 5 ಗ್ರಾಂ ಬ್ಲೀಚಿಂಗ್ ಪುಡಿ ಬೆರೆಸಿ ಕುಡಿಸುವುದು ಒಳ್ಳೆಯದೇ. ಆದರೆ ನೀರಿನಲ್ಲಿ ಲಸಿಕೆ ಕೊಡುವ ವಾರದಲ್ಲಿ, ಸೋಮವಾರ ತೊಟ್ಟಿ ತೊಳೆದ ಮೇಲೆ ಬರಿಯ ನೀರನ್ನೇ ತುಂಬಬೇಕು. ಸೋಮವಾರ ಬೆಳಿಗ್ಗೆಯಿಂದ ಗುರುವಾರ ಬೆಳಿಗ್ಗೆಗೆ ಮೂರು ದಿನಗಳ ಅಂತರ ಸಿಗುತ್ತದೆ. ಎರಡು ದಿನಕ್ಕೆ ಕಡಿಮೆಯಂತೂ ಆಗಲೇಬಾರದು. ಲಸಿಕೆಯಾದ ಮೇಲೆಯೂ ಶುಕ್ರವಾರ ಕಳೆಯಲಿ, ಶನಿವಾರದಿಂದ ಮತ್ತೆ ಪುಡಿ ಹಾಕಿ.

ಎರಡನೆಯ ಕಾರಣ ಧೂಳು. ಕೊಕ್ಕರೆ ರೋಗದ ಜೀವಂತ ಲಸಿಕೆ ಕೊಟ್ಟ ಮೇಲೆ ಕೆಲವು ದಿನ ಮರಿಗಳು ಸ್ವಲ್ಪ ಸೀನುವುದು, ಮೂಗಿನಲ್ಲಿ ಗೊರಗೊರ ಅನ್ನುವುದು ಉಂಟು. ಲಸಿಕೆ ಮೈಗೆ ಹತ್ತುತ್ತಿದೆ ಎಂಬುದರ ಗುರುತು ಅದು. ಸಾಮಾನ್ಯವಾಗಿ ತಾನಾಗಿಯೇ ನಿಲ್ಲುತ್ತದೆ. ಆ ಸಮಯದಲ್ಲಿ ಹಾಸು ಕೆದಕಿ ಧೂಳೆಬ್ಬಿಸಿದರೆ, ಅಥವಾ ಒದ್ದೆ ಹಾಸಿನ ಘಾಟು ಇದ್ದರೆ, ಆ ಸೀನು ನಿಜವಾದ ಕಾಯಿಲೆಯಾಗಿ ಕೂರುತ್ತದೆ. ಹಾಸಿನ ಕೆಲಸವನ್ನು ಲಸಿಕೆಗೆ ಮೊದಲು, ಮಂಗಳವಾರವೇ ಮುಗಿಸುವುದು ಇದಕ್ಕಾಗಿ.

ಇನ್ನು ಯಾವ ಗುರುವಾರ ಯಾವ ಲಸಿಕೆ ಎಂಬುದನ್ನು ಬರೆದುಕೊಳ್ಳಿ. ಮಾರೆಕ್ಸ್ ಎಂಬ ರೋಗದ ಲಸಿಕೆಯನ್ನು ಮರಿ ಹುಟ್ಟಿದ ದಿನವೇ, ಮರಿ ಮಾಡುವ ಕಡೆಯೇ ಕತ್ತಿನ ಚರ್ಮದ ಕೆಳಗೆ ಚುಚ್ಚಿ ಕಳಿಸುತ್ತಾರೆ. ಚುಚ್ಚಿದೆ ಎಂದು ರಸೀತಿಯಲ್ಲಿ ಬರೆಸಿಕೊಳ್ಳಿ. ಆಮೇಲೆ ಅದನ್ನು ಹಾಕಿಸಿ ಪ್ರಯೋಜನವಿಲ್ಲ.

1ನೆಯ ಗುರುವಾರ, ಅಂದರೆ 7 ದಿನ ತುಂಬಿದಾಗ, ಕೊಕ್ಕರೆ ರೋಗದ ಮೊದಲ ಲಸಿಕೆ, ಕಣ್ಣಿಗೆ ಒಂದು ಹನಿ. 2ನೆಯ ಗುರುವಾರ ಗಂಬೋರೊ ರೋಗದ ಲಸಿಕೆ, ಇದೂ ಹನಿಯಾಗಿ. 4ನೆಯ ಗುರುವಾರ ಗಂಬೋರೊ ಎರಡನೆಯ ಸಲ, ನೀರಿನಲ್ಲಿ. 5ನೆಯ ಗುರುವಾರ ಕೊಕ್ಕರೆ ರೋಗಕ್ಕೆ ಲಸೋಟ ಎಂಬ ಲಸಿಕೆ, ನೀರಿನಲ್ಲಿ. 7ನೆಯ ಗುರುವಾರ ಕೋಳಿ ಸಿಡುಬಿನ ಲಸಿಕೆ, ರೆಕ್ಕೆಯ ತೊಗಲಿಗೆ ಚುಚ್ಚುವುದು. 9ನೆಯ ವಾರ ಜಂತುಹುಳುವಿನ ಔಷಧಿ. 10ನೆಯ ಗುರುವಾರ ಕೊಕ್ಕರೆ ರೋಗಕ್ಕೆ ಆರ್.ಟು.ಬಿ. ಎಂಬ ಲಸಿಕೆ, ಸೂಜಿಯಿಂದ. 16ನೆಯ ಗುರುವಾರ, ಮೊಟ್ಟೆ ಇಡುವುದಕ್ಕೆ ಮುಂಚೆ, ಎಣ್ಣೆಯಲ್ಲಿ ಬೆರೆತ ಸತ್ತ ವಿಷಾಣುವಿನ ಲಸಿಕೆ, ಕೋಳಿಗೆ ಅರ್ಧ ಮಿಲಿಲೀಟರು. ಅದಾದ ಮೇಲೆ ಮೊಟ್ಟೆ ಇಡುವ ಕಾಲದುದ್ದಕ್ಕೂ 8 ವಾರಕ್ಕೊಮ್ಮೆ ಲಸೋಟ ನೀರಿನಲ್ಲಿ. ನಿಮ್ಮ ಸೀಮೆಯಲ್ಲಿ ಇರುವ ರೋಗಕ್ಕೆ ತಕ್ಕಂತೆ ಪಶುವೈದ್ಯರು ಇದರಲ್ಲಿ ಒಂದೆರಡನ್ನು ಬದಲಿಸಬಹುದು. ಆದುದರಿಂದ ಮರಿ ತರುವುದಕ್ಕೆ ಮುಂಚೆಯೇ ಈ ಪಟ್ಟಿಯನ್ನು ಅವರಿಗೆ ತೋರಿಸಿ.

ಇವುಗಳಲ್ಲಿ ಕೈಕೆಲಸ ತಪ್ಪುವುದು ಹೆಚ್ಚಾಗಿ ನೀರಿನ ಲಸಿಕೆಯಲ್ಲಿ. ಅದೇ ಮನೆಯಲ್ಲಿ ಎರಡನೆಯ ತಂಡಕ್ಕೆ 5ನೆಯ ಗುರುವಾರ ನಾವು ಮಾಡಿದ್ದನ್ನು ಹಾಗೆಹಾಗೆಯೇ ಹೇಳುತ್ತೇನೆ.

ಸೋಮವಾರ ಮಧ್ಯಾಹ್ನದಿಂದಲೇ ತೊಟ್ಟಿಯಲ್ಲಿ ಬರಿಯ ನೀರು. ಬುಧವಾರ ಸಂಜೆ ತಾಲ್ಲೂಕಿನ ಪಶು ಆಸ್ಪತ್ರೆಯಿಂದ ಲಸಿಕೆ ತಂದೆವು. ಅಗಲ ಬಾಯಿಯ ಫ್ಲಾಸ್ಕಿನಲ್ಲಿ ಮಂಜುಗಡ್ಡೆಯ ನಡುವೆ, ಶೀಶೆ ನೆನೆಯದಂತೆ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಇಟ್ಟಿದ್ದೆವು. ಈ ಲಸಿಕೆ ಇರಬೇಕಾದದ್ದು 2ರಿಂದ 8 ಡಿಗ್ರಿ ಸೆಲ್ಸಿಯಸ್ ತಂಪಿನಲ್ಲಿ. ಅಂಗಿಯ ಜೇಬಿನಲ್ಲಿ ಹಾಕಿಕೊಂಡು ಬಸ್ಸಿನಲ್ಲಿ ತಂದ ಶೀಶೆಯನ್ನು ಕೋಳಿಗೆ ಕೊಡುವುದೂ ಒಂದೇ, ಮೋರಿಗೆ ಸುರಿಯುವುದೂ ಒಂದೇ.

ಗುರುವಾರ ಬೆಳಿಗ್ಗೆ ಬಿಸಿಲೇರುವ ಮುಂಚೆ, 5 ಗಂಟೆಗೆ, ನೀರಿನ ತಟ್ಟೆಗಳನ್ನೆಲ್ಲ ಹೊರಗೆ ತೆಗೆದು ಬರಿಯ ನೀರಿನಿಂದ ತಿಕ್ಕಿ ತೊಳೆದೆವು. ಸೋಪಿಲ್ಲ, ಪುಡಿಯಿಲ್ಲ. ಮೇವು ಇತ್ತು, ನೀರು ಇರಲಿಲ್ಲ. ಹೀಗೆ ಒಂದೂವರೆ ಗಂಟೆ ಬಾಯಾರಿಸಿದರೆ ಮರಿಗಳೆಲ್ಲ ಒಮ್ಮೆಗೇ ನೀರಿಗೆ ಬರುತ್ತವೆ. ಬೇಸಗೆಯಲ್ಲಾದರೆ ಒಂದು ಗಂಟೆ ಸಾಕು. ಹೆಚ್ಚು ಬಾಯಾರಿಸಿದರೆ ಗುದ್ದಾಡಿ ಲಸಿಕೆಯನ್ನೇ ಚೆಲ್ಲಿಬಿಡುತ್ತವೆ.

ನೀರು ಎಷ್ಟು ಬೇಕು? ಇದಕ್ಕೊಂದು ಸುಲಭವಾದ ಲೆಕ್ಕವಿದೆ. ಮರಿಯ ವಯಸ್ಸು ಎಷ್ಟು ದಿನವೋ, 1000 ಮರಿಗೆ ಅಷ್ಟು ಲೀಟರು. 35 ದಿನದ 1000 ಮರಿಗೆ 35 ಲೀಟರಾದರೆ, 500ಕ್ಕೆ ಹದಿನೇಳೂವರೆ. ನಾವು 18 ಎಂದಿಟ್ಟುಕೊಂಡೆವು. ಈ ಲೆಕ್ಕ 40 ಲೀಟರಿಗೆ ನಿಲ್ಲುತ್ತದೆ. ದೊಡ್ಡ ಕೋಳಿಗೂ 500ಕ್ಕೆ 20 ಲೀಟರು ಎಂದು ಹಿಡಿಯಬಹುದು. ಈ ನೀರನ್ನು ಬಾವಿಯಿಂದ ನೇರವಾಗಿ ಸೇದಿ ತಂದೆವು, ತೊಟ್ಟಿಯಿಂದ ತೆಗೆಯಲಿಲ್ಲ. ಊರಿನ ಕೊಳಾಯಿ ನೀರಿನಲ್ಲಿ ಕ್ಲೋರಿನ್ ಇರುವ ಸಂಭವವಿರುವುದರಿಂದ ಅದು ಬೇಡ.

ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಈ 18 ಲೀಟರು ನೀರಿಗೆ ಮೊದಲು 45 ಗ್ರಾಂ ಕೆನೆ ತೆಗೆದ ಹಾಲಿನ ಪುಡಿ ಕದಡಿ, 20 ನಿಮಿಷ ಬಿಟ್ಟೆವು. ಲೀಟರಿಗೆ ಎರಡೂವರೆ ಗ್ರಾಮಿನ ಲೆಕ್ಕ. ನೀರಿನಲ್ಲಿ ಕಣ್ಣಿಗೆ ಕಾಣದ ಕ್ಲೋರಿನ್ ಉಳಿದಿದ್ದರೆ ಹಾಲಿನ ಪುಡಿ ಅದನ್ನು ತಾನು ಹೀರಿಕೊಂಡು ಲಸಿಕೆಯನ್ನು ಕಾಯುತ್ತದೆ. ಆದರೆ ಹಾಲಿನ ಪುಡಿ ಇದೆಯಲ್ಲ ಅಂತ ಬ್ಲೀಚಿಂಗ್ ಹಾಕಿದ ನೀರನ್ನೇ ಬಳಸಬೇಡಿ. ಅದು ಅಳಿದುಳಿದದ್ದಕ್ಕೆ ಮಾತ್ರ ಕಾವಲು. ಆಮೇಲೆ 500 ಕೋಳಿಯ ಅಳತೆಯ ಲಸಿಕೆಯ ಶೀಶೆಯನ್ನು ಬಕೆಟ್ಟಿನ ನೀರಿನೊಳಗೆ ಮುಳುಗಿಸಿಯೇ ಬಿರಡೆ ತೆಗೆದು, ಅಲ್ಲೇ ಎರಡು ಸಲ ತೊಳೆದು, ನಿಧಾನವಾಗಿ ಕಲಕಿದೆವು.

ಎಲ್ಲ ತಟ್ಟೆಗಳಿಗೂ ಒಟ್ಟಿಗೇ ಹಂಚಿ, ನೆರಳಿನಲ್ಲಿ ಇಟ್ಟೆವು. ಮರಿಗಳಲ್ಲಿ ಮೂರರಲ್ಲಿ ಎರಡು ಪಾಲಾದರೂ ಒಂದೇ ಸಲಕ್ಕೆ ಕುಡಿಯುವಷ್ಟು ತಟ್ಟೆಗಳಿರಬೇಕು. ಇಲ್ಲವಾದರೆ ಬಲಿಷ್ಠ ಮರಿಗಳು ಎರಡು ಪಾಲು ಕುಡಿದು, ಬಡ ಮರಿಗಳು ಒಣಗಂಟಲಲ್ಲೇ ಉಳಿಯುತ್ತವೆ. ಆ ತಾಯಿ ನೆರೆಮನೆಯಿಂದ ಅಗಲವಾದ ತಟ್ಟೆಗಳನ್ನು ತಂದರು. ಕೊಡುವ ಮುಂಚೆ ನನ್ನ ಕಡೆ ತಿರುಗಿ, “ಇವನ್ನು ಬರೀ ನೀರಲ್ಲೇ ತೊಳೆದಿದೀನಿ, ನೋಡ್ಕೋ” ಅಂದರು. ಒಂದು ಗಂಟೆ ಕಾಲಿನಲ್ಲಿ ಬಕೆಟ್ಟು ಬರಿದಾಯಿತು. ಎರಡು ಗಂಟೆಯೊಳಗೆ ಮುಗಿಯಬೇಕು. ಆ ಮೇಲೆ ಉಳಿದದ್ದು ಕೆಲಸಕ್ಕೆ ಬಾರದು.

ಸೂಜಿಯ ಲಸಿಕೆಗೆ ಈ ನೀರಿನ ಚಿಂತೆಯಿಲ್ಲ. ಆದರೂ ಅಲ್ಲಿ ಇಂಥದೇ ಒಂದು ಹೊಂಡವಿದೆ. ಆರ್.ಟು.ಬಿ. ಕೂಡ ಜೀವವಿರುವ ಲಸಿಕೆ. ಸಿರಿಂಜನ್ನು ಸ್ಪಿರಿಟ್ಟಿನಿಂದ ತೊಳೆದು ಅದರಲ್ಲೇ ಲಸಿಕೆ ಎಳೆದರೆ ಒಳಗೇ ಸಾಯುತ್ತದೆ. ಸಿರಿಂಜನ್ನೂ ಸೂಜಿಯನ್ನೂ ನೀರಿನಲ್ಲಿ ಕುದಿಸಿ, ಪೂರ್ತಿ ಆರಿದ ಮೇಲೆ ಬಳಸಬೇಕು. ಈ ಲಸಿಕೆ ಖಾರವಾದದ್ದು. 6 ವಾರಕ್ಕೆ ಒಳಗಿನ ಮರಿಗಾಗಲಿ, ಸೊರಗಿದ ಕೋಳಿಗಾಗಲಿ, ಮೊಟ್ಟೆ ಇಡುವ ಕೋಳಿಗಾಗಲಿ ಇದನ್ನು ಹಾಕಬಾರದು.

ಲಸಿಕೆ ಹತ್ತಿತೇ ಇಲ್ಲವೇ ಎಂದು ತಿಳಿಯುವುದು ಹೇಗೆ? ಹೆಚ್ಚಿನ ಲಸಿಕೆಗಳಲ್ಲಿ ಕಣ್ಣಿಗೆ ಕಾಣುವುದಿಲ್ಲ. ಎರಡು ಮೂರು ವಾರದ ಮೇಲೆ ಕೆಲವು ಕೋಳಿಗಳ ರಕ್ತ ತೆಗೆದು ಪಶುವೈದ್ಯರ ಮೂಲಕ ಪ್ರಯೋಗಶಾಲೆಗೆ ಕಳಿಸಿದರೆ ಗೊತ್ತಾಗುತ್ತದೆ. ಸಿಡುಬಿನ ಲಸಿಕೆ ಮಾತ್ರ ತಾನೇ ಸಾಕ್ಷಿ ಹೇಳುತ್ತದೆ. ಚುಚ್ಚಿದ 7ರಿಂದ 10 ದಿನಗಳಲ್ಲಿ ರೆಕ್ಕೆಯ ತೊಗಲಿನ ಆ ಜಾಗದಲ್ಲಿ ಸಣ್ಣ ಊತ, ಅದರ ಮೇಲೆ ಹಕ್ಕಳೆ ಕಾಣಬೇಕು. ಮುಂದಿನ ಗುರುವಾರ ಲಸಿಕೆ ಇಲ್ಲವಲ್ಲ, ಆ ದಿನ 50 ಕೋಳಿಗಳನ್ನು ಹಿಡಿದು ರೆಕ್ಕೆ ಬಿಡಿಸಿ ನೋಡಿ. ಹೆಚ್ಚು ಕಡಿಮೆ ಎಲ್ಲದರಲ್ಲೂ ಗುರುತು ಕಂಡರೆ ಸರಿ. ಅನೇಕದರಲ್ಲಿ ಏನೂ ಇಲ್ಲವಾದರೆ ಲಸಿಕೆ ಕೆಟ್ಟಿತ್ತು, ಇಲ್ಲವೇ ಸೂಜಿಯ ಮೊನೆ ಗರಿಗೆ ತಾಗಿ ಒರೆಸಿಹೋಯಿತು. ಮತ್ತೆ ಹಾಕಿಸಬೇಕು. ಸಿಡುಬಿನ ಲಸಿಕೆಯನ್ನು ತಂದ, ಇಟ್ಟ ರೀತಿಯೇ ಬೇರೆ ಲಸಿಕೆಗಳಿಗೂ ಆಗಿರುವುದರಿಂದ, ಇಲ್ಲಿ ಸೋತರೆ ನಿಮ್ಮ ಫ್ಲಾಸ್ಕಿನ ಮೇಲೂ ಒಂದು ಕಣ್ಣಿಡಿ.

ಈ ಪಟ್ಟಿಯಿಂದ ಎಲ್ಲವೂ ಆಗಿಬಿಡುತ್ತದೆ ಎಂದು ನಾನು ಹೇಳಲಾರೆ. ಮರಿಗಳ ರಕ್ತಭೇದಿಗೆ ಇದರಲ್ಲಿ ಲಸಿಕೆಯಿಲ್ಲ. ಅದಕ್ಕೆ ಒಣ ಹಾಸೇ ಮೊದಲ ಮದ್ದು. ಮಂಗಳವಾರದ ಕೆಲಸ ತಪ್ಪಿದರೆ ಗುರುವಾರದ ಲಸಿಕೆ ಅದನ್ನು ತುಂಬಿಕೊಡದು. ರೋಗ ಆಗಲೇ ಹತ್ತಿದ ಕೋಳಿಗೆ ಲಸಿಕೆ ಔಷಧಿಯೂ ಅಲ್ಲ. ಇದ್ದಕ್ಕಿದ್ದ ಹಾಗೆ ಒಂದೇ ದಿನ ಹಲವು ಕೋಳಿಗಳು ಸತ್ತರೆ ನೀವೇ ಕೊಯ್ದು ನೋಡಬೇಡಿ, ಮಾರಬೇಡಿ. ಬಾಗಿಲು ಹಾಕಿ, ಪಶುವೈದ್ಯರಿಗೆ ಕೂಡಲೇ ತಿಳಿಸಿ.

ಆ ದಂಪತಿಗಳ ಕೋಳಿಮನೆಯ ಗೋಡೆಯಲ್ಲಿ ಈಗ ಒಂದೇ ಪಟ್ಟಿ ಇದೆ. ಸುಣ್ಣದ ಗೋಡೆಯ ಮೇಲೆ ಇದ್ದಲಿನಿಂದ ಬರೆದದ್ದು. ಯಜಮಾನರಿಗೆ ಓದು ಬರುತ್ತದೆ, ಆ ತಾಯಿಗೆ ಬಾರದು. ಅದಕ್ಕಾಗಿ ಆಕೆಯೇ ಒಂದು ಉಪಾಯ ಮಾಡಿಕೊಂಡಿದ್ದಾರೆ. ನೀರಿನಲ್ಲಿ ಲಸಿಕೆ ಕೊಡುವ ವಾರ ಬಂತೆಂದರೆ ಬ್ಲೀಚಿಂಗ್ ಪುಡಿಯ ಡಬ್ಬಿಯ ಬಾಯಿಗೆ ಕೆಂಪು ದಾರ ಕಟ್ಟುತ್ತಾರೆ. ಸೋಮವಾರ ತೊಟ್ಟಿ ತೊಳೆದಾದ ಕೂಡಲೇ ಗಂಟು ಬಿಗಿದರೆ, ಬಿಚ್ಚುವುದು ಶನಿವಾರವೇ. ಯಾರೇ ಬಂದು ಕೇಳಿದರೂ ಡಬ್ಬಿ ತೆರೆಯುವುದಿಲ್ಲ. ಎರಡನೆಯ ತಂಡದ ಕಾಲದಲ್ಲಿಯೂ ಆ ಊರಿನ ನಾಟಿಕೋಳಿಗಳಿಗೆ ಒಮ್ಮೆ ಕೊಕ್ಕರೆ ರೋಗ ಬಂದು ಹೋಯಿತು. ಈ ಮನೆಯಲ್ಲಿ ಒಂದೂ ಕೋಳಿ ಕತ್ತು ತಿರುಚಲಿಲ್ಲ.

ನಾನು ಕಾಗದದಲ್ಲಿ ಬರೆದು ಮರೆತದ್ದನ್ನು ಆಕೆ ಒಂದು ದಾರದಲ್ಲಿ ಕಟ್ಟಿಟ್ಟರು. ನಿಮ್ಮ ಮನೆಯ ಡಬ್ಬಿಗೂ ಅಂಥದೊಂದು ದಾರ ಇರಲಿ ಎಂದು ಹೇಳಿ ನನ್ನ ಮಾತನ್ನು ಮುಗಿಸುತ್ತೇನೆ.